ತಡಿಯಂಡಮೋಳಿನಿಂದ ಬೆನ್ನ ಮೇಲೆ ಇಳಿದ ಕಥೆ

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ಕಕ್ಕಬೆ ಹತ್ತಿರದ ನಾಲ್ಕುನಾಡು ಅರಮನೆ ಕಡೆಯಿಂದ ಹೋಗುವ ದಾರಿಯಲ್ಲಿ ಶುರುವಿನ ಅರ್ಧ ಸುಮ್ನೆ ಮಾತಾಡ್ತಾ ನಡೆಯುವಂಥದ್ದು. ದೊಡ್ಡ ಬಂಡೆ ದಾಟಿದ ಮೇಲೆ ಏರು ಜಾಸ್ತಿ. ತುದಿಗೆ ಮುಂಚೆ ಒಂದು ತುಂಡು ಶೋಲಾ ಕಾಡು ಸಿಗುತ್ತದೆ. ಮಳೆಗಾಲ ಮುಗಿದರೂ ಅದರೊಳಗೆ ನೆಲ ಒಣಗಿರುವುದಿಲ್ಲ. ಬೇರುಗಳ ನಡುವೆ ಕೊರೆದ ಕಾಲುವೆಯಂಥ ದಾರಿ, ಅದರ ಮೇಲೆ ಕೆಸರು.

ಅನಾಹುತ ಆದದ್ದು ಅಲ್ಲೇ, ಇಳಿಯುವಾಗ, ಮಧ್ಯಾಹ್ನದ ಮಳೆ ಬಿದ್ದ ಮೇಲೆ. ನಮ್ಮ ಗುಂಪಿನ ಹುಡುಗನ ಬಲಗಾಲು ಬೇರಿನ ಸಂದಿಗೆ ಸಿಕ್ಕಿಕೊಂಡಿತು, ಮೈ ಮಾತ್ರ ಮುಂದಕ್ಕೆ ಹೋಯಿತು. "ಉಳುಕಿದೆ ಅಷ್ಟೇ ಅಣ್ಣ, ನಡೀತೀನಿ" ಎಂದ. ಹೆಗಲು ಕೊಟ್ಟು ನಿಲ್ಲಿಸಿ ನೋಡಿದೆ. ನಾಲ್ಕು ಹೆಜ್ಜೆ ಊರಲಾಗಲಿಲ್ಲ. ಹೊರಗಿನ ಹರಡಿನ ಎಲುಬು ಒತ್ತಿದರೆ ಚೀರಿದ. ಇವೆರಡೂ ಇದ್ದರೆ ಎಕ್ಸ್‌ರೇ ಆಗುವ ತನಕ ಮುರಿದಿದೆ ಅಂತಲೇ ಲೆಕ್ಕ.

ಲೇಸ್ ಪೂರ್ತಿ ಬಿಚ್ಚಿ ಶೂ ಮೆಲ್ಲಗೆ ತೆಗೆದೆವು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರುತ್ತಿತ್ತು. ಬೆರಳು ಮುಟ್ಟಿದ್ದೂ ಗೊತ್ತಾಗುತ್ತಿತ್ತು. ಅಂದರೆ ರಕ್ತ ಓಡಾಡುತ್ತಿದೆ, ಓಡುವ ಅವಸರವಿಲ್ಲ. ಮಲಗುವ ಫೋಮ್ ಚಾಪೆ ಮಡಚಿ, ಪಾದದ ಅಡಿಯಿಂದ ಎರಡೂ ಪಕ್ಕ ಮೀನಖಂಡದ ತನಕ ತಂದು ಬಟ್ಟೆಯಿಂದ ಕಟ್ಟಿದೆವು. ಬೆರಳು ಮಾತ್ರ ಹೊರಗೆ, ಆಗಾಗ ನೋಡಲು. ಒದ್ದೆ ಅಂಗಿ ಬದಲಿಸಿ, ಚೀಲದ ಮೇಲೆ ಕೂರಿಸಿದೆವು. ನೋವಿಗಿಂತ ಚಳಿಯೇ ಬೇಗ ಸೋಲಿಸುವುದು.

ಫೋನ್ ಸಿಗ್ನಲ್ ಇರಲಿಲ್ಲ. ಜಾಗ, ಗಾಯ, ಹೊರಟ ಹೊತ್ತು ಬರೆದ ಚೀಟಿ ಕೊಟ್ಟು ಇಬ್ಬರನ್ನು ಚೆಕ್‌ಪೋಸ್ಟಿಗೆ ಕಳಿಸಿದೆ. ಬಾಯಲ್ಲಿ ಹೇಳಿ ಕಳಿಸಿದರೆ ಕೆಳಗೆ ತಲುಪುವಷ್ಟರಲ್ಲಿ ಕಾಲು ಕೈಯಾಗಿರುತ್ತದೆ.

ಕೋಲು ಕಟ್ಟಿ ಸ್ಟ್ರೆಚರ್ ಮಾಡೋಣ ಎಂದರು ಕೆಲವರು. ಜೊತೆಗಿದ್ದ ಸ್ಥಳೀಯ ಗೈಡ್ ಒಪ್ಪಲಿಲ್ಲ. "ಈ ಕಾಡೊಳಗೆ ಸ್ಟ್ರೆಚರ್ ತಿರುಗಲ್ಲ ಸರ್, ಬೆನ್ನಿಗೇ ಹಾಕ್ಕೊಳ್ಳೋಣ." ಅವರು ಹೇಳಿದ್ದೇ ಸರಿ. ಸ್ಟ್ರೆಚರ್ ಹೊರುವವರಿಗೆ ಅಕ್ಕಪಕ್ಕ ಕಾಲಿಡಲು ಜಾಗ ಬೇಕು, ಇಲ್ಲಿ ಒಬ್ಬನೇ ಇಳಿಯುವಷ್ಟು ದಾರಿ. ಹಗ್ಗವನ್ನು ಸುರುಳಿ ಸುತ್ತಿ, ಗಂಟಿನ ಕೆಳಗೆ ಎರಡು ಪಾಲು ಮಾಡಿದೆವು. ಗಾಯಾಳು ಒಂದೊಂದು ಪಾಲಿಗೆ ಒಂದೊಂದು ತೊಡೆ ತೂರಿಸಿದ. ಹೊರುವವನು ಅದೇ ಪಾಲುಗಳನ್ನು ಬ್ಯಾಗಿನ ಪಟ್ಟಿಯ ಹಾಗೆ ಹೆಗಲಿಗೆ ಏರಿಸಿದ. ಭಾರವೆಲ್ಲ ಹಗ್ಗದ್ದು, ಎರಡೂ ಕೈ ಖಾಲಿ. ಮುಂದೆ ಒಬ್ಬ ಹೆಜ್ಜೆ ತೋರಿಸುತ್ತಾ, ಹಿಂದೆ ಒಬ್ಬ ಸೊಂಟ ಹಿಡಿದು. ಹಗ್ಗ ಹೆಗಲು ಕೊರೆಯುತ್ತದೆ, ಅದಕ್ಕೇ ಜಾಕೆಟ್ ಮಡಚಿ ಇಟ್ಟುಕೊಳ್ಳಬೇಕು. ಸುಸ್ತಾಯಿತು ಅನ್ನುವ ಮೊದಲೇ ಆಳು ಬದಲು. ಸುಸ್ತಾದ ಮೇಲೆ ಬದಲಿಸಲು ಹೋದರೆ ಇಬ್ಬರೂ ಬೀಳುತ್ತಾರೆ. ಉಂಬಳ ಕೀಳಲು ಯಾರೂ ನಿಲ್ಲಲಿಲ್ಲ ಬಿಡಿ.

ಬಂಡೆಯ ಹತ್ತಿರ ಕೆಳಗಿನವರು ಎದುರಾದರು. ಅಲ್ಲಿಂದ ದಾರಿ ಅಗಲ, ಅವರು ತಂದ ಸ್ಟ್ರೆಚರ್ ಆಗ ಉಪಯೋಗಕ್ಕೆ ಬಂತು. ಜೀಪ್ ಹತ್ತಿಸುವಾಗ ಇನ್ನೂ ಬೆಳಕಿತ್ತು. ಎಕ್ಸ್‌ರೇಯಲ್ಲಿ ಹೊರಗಿನ ಎಲುಬು ಸೀಳಿತ್ತು, ಜರುಗಿರಲಿಲ್ಲ. ಪ್ಲಾಸ್ಟರ್ ಸಾಕು ಎಂದರು ಡಾಕ್ಟರು.