ಹದಮಳೆ ಪದಕೋಶ: ಭರಣಿಯಿಂದ ಕೃತ್ತಿಕೆವರೆಗಿನ ಕೆಲಸ

ಬೆಂಗಳೂರಿನ ಸುತ್ತಮುತ್ತಲ ಬೇಸಾಯದ ಮಾತುಗಳನ್ನು ಕೂಡಿಹಾಕುವ ಕೆಲಸದಲ್ಲಿ ಈ ಬೇಸಿಗೆ ಪೂರ್ತಿ ‘ಹದಮಳೆ’ ಎಂಬ ಒಂದೇ ಪದದ ಹಿಂದೆ ಹೋಯಿತು. ‘ಬೇಸಿಗೆ ಮುಗಿದ ಮೇಲೆ ಬರುವ ಮೊದಲ ಮಳೆ’ ಎಂದು ಕಾರ್ಡಿನಲ್ಲಿ ಬರೆದುಕೊಂಡಿದ್ದೆ. ಈಗ ಆ ಸಾಲನ್ನು ತಿದ್ದುತ್ತಿದ್ದೇನೆ. ಮೊದಲು ಬಂದ ಮಳೆಗೆಲ್ಲ ಆ ಹೆಸರು ಸಿಗುವುದಿಲ್ಲ, ನೆಲವನ್ನು ಹದಕ್ಕೆ ತಂದ ಮೊದಲ ಮಳೆಗೆ ಮಾತ್ರ ಸಿಗುತ್ತದೆ.

ಇದು ತಿಳಿದದ್ದು ದೊಡ್ಡಬಳ್ಳಾಪುರದ ಕಡೆ ಇರುವ ದೊಡ್ಡಪ್ಪನ ಹೊಲದಲ್ಲಿ. ಕೆಂಪು ಮಣ್ಣು, ಮಳೆಯಾಶ್ರಿತ, ರಾಗಿ ಬೆಳೆಯುವ ಜಾಗ. ಭರಣಿ ಮಳೆ ಹುಟ್ಟುವುದು ಏಪ್ರಿಲ್ ಕೊನೆಯಲ್ಲಿ. ಆ ವಾರ ಒಂದು ಸಂಜೆ ಗುಡುಗಿ ಸುರಿದದ್ದು ನಮ್ಮ ಅಳತೆ ಡಬ್ಬಿಯಲ್ಲಿ 9 ಮಿ.ಮೀ. ಹವಾಮಾನ ಇಲಾಖೆ 2.5 ಮಿ.ಮೀ. ಬಿದ್ದರೇ ಅದನ್ನು ಮಳೆ ದಿನ ಅಂತ ಲೆಕ್ಕ ಹಿಡಿಯುತ್ತದೆ. ಆ ಲೆಕ್ಕಕ್ಕೆ ಇದು ಒಳ್ಳೆಯ ಮಳೆಯೇ. ಆದರೆ ದೊಡ್ಡಪ್ಪ ಗುದ್ದಲಿಯಲ್ಲಿ ಒಂದು ಏಟು ಹಾಕಿ ತೋರಿಸಿದರು: ಮೇಲೆ ನಾಲ್ಕು ಬೆರಳು ಹಸಿ, ಅದರ ಕೆಳಗೆ ಒಣ ಪುಡಿ. “ಇದು ಧೂಳು ಅಡಗಿಸೋ ಮಳೆ ಮಗಾ, ಹದಮಳೆ ಅಲ್ಲ. ಇದನ್ನ ನಂಬಿ ನೇಗಿಲು ಹೂಡಿದ್ರೆ ಹೆಂಟೆ ಏಳ್ತದೆ” ಅಂದರು.

ಕೆಲವು ದಿನ ಬಿಟ್ಟು 32 ಮಿ.ಮೀ. ಬಂತು. ಅಗೆದು ನೋಡಿದರೆ ಹಸಿ ಒಂದು ಗೇಣು ಇಳಿದಿತ್ತು. ಆಗ ಹದಮಳೆ ಅಂದರು. ಆದರೆ ಮಾರನೆ ಬೆಳಗ್ಗೆ ಉಳಲು ಇಳಿಯಲಿಲ್ಲ. ನೆಲ ಇನ್ನೂ ‘ಹಸಿ ಹಸಿ’ಯಾಗಿತ್ತು, ನೇಗಿಲ ಗುಳಕ್ಕೆ ಮಣ್ಣು ಮೆತ್ತಿಕೊಳ್ಳುತ್ತದೆ, ತುಳಿದ ಕಡೆ ನೆಲ ಗಟ್ಟಿಯಾಗುತ್ತದೆ. ಮೂರನೇ ದಿನ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿದರು. ಉಂಡೆ ಕಟ್ಟಿತು, ಕೈಗೆ ಅಂಟಲಿಲ್ಲ. ಸೊಂಟದೆತ್ತರದಿಂದ ಬಿಟ್ಟರೆ ನೆಲಕ್ಕೆ ಬಿದ್ದು ಪುಡಿಯಾಯಿತು. ಅದೇ ಹದ. ಉಂಡೆಯೇ ಕಟ್ಟದಿದ್ದರೆ ಹದ ಆರಿದೆ, ಬಿದ್ದರೂ ಒಡೆಯದಿದ್ದರೆ ಇನ್ನೂ ಹದಕ್ಕೆ ಬಂದಿಲ್ಲ. ಈ ಪರೀಕ್ಷೆಯನ್ನು ನೆಲದ ಮೇಲ್ಪದರದ ಮಣ್ಣಲ್ಲಿ ಮಾಡಬಾರದು, ನೇಗಿಲು ಇಳಿಯುವ ಆಳದಿಂದ ತೆಗೆಯಬೇಕು. ಮೇಲಿನ ಪದರ ಬಿಸಿಲಿಗೆ ಮೊದಲೇ ಆರಿರುತ್ತದೆ, ಅದನ್ನು ನೋಡಿ ಕೆಳಗಿನದನ್ನು ಹೇಳಲಾಗದು.

ನನ್ನ ಕಾರ್ಡುಗಳಲ್ಲಿ ಈಗ ಹೆಚ್ಚು ಜಾಗ ಹಿಡಿದಿರುವುದು ಹದದ ಜೊತೆ ಬರುವ ಕ್ರಿಯಾಪದಗಳು. ‘ಹದ ಬಂತು’ ಅಂದರೆ ನೆಲ ಸಿದ್ಧವಾಗಿದೆ. ‘ಹದ ಆರಿತು’ ಅಂದರೆ ಬಿಸಿಲು ಗಾಳಿಗೆ ಹಸಿ ಹೋಯಿತು, ಯಾರದೂ ತಪ್ಪಿಲ್ಲ. ‘ಹದ ತಪ್ಪಿಸಿದ’ ಅಂದರೆ ಬೈಗುಳ. ನೆಲ ಸಿದ್ಧವಾಗಿತ್ತು, ಎತ್ತು ಸಿಗಲಿಲ್ಲವೋ ಟ್ರ್ಯಾಕ್ಟರ್ ಬಾಡಿಗೆಗೆ ಸಿಗಲಿಲ್ಲವೋ, ಅವನು ಸಮಯಕ್ಕೆ ಇಳಿಯಲಿಲ್ಲ. ಮೂರನ್ನೂ ಒಂದೇ ಅರ್ಥದ ಕೆಳಗೆ ಸೇರಿಸುವುದು ನನಗೆ ಸರಿ ಕಾಣಲಿಲ್ಲ, ಬೇರೆ ಬೇರೆ ಕಾರ್ಡು ಮಾಡಿದ್ದೇನೆ.

ಇನ್ನೊಂದು ಪದ ‘ಬೆದೆ’. ಹಸು ಬೆದೆಗೆ ಬರುವ ಮಾತು ಎಲ್ಲರಿಗೂ ಗೊತ್ತು. ಅದೇ ಪದ ಬೀಜ ಹಿಡಿಯಲು ತಯಾರಾದ ನೆಲಕ್ಕೂ ಸಲ್ಲುತ್ತದೆ, ‘ಹದಬೆದೆ’ ಎಂಬ ಜೋಡಿಮಾತು ಹಳಗಾಲದ್ದು. ದೊಡ್ಡಪ್ಪನ ಬಾಯಲ್ಲಿ ಹದ ಉಳುಮೆಗೆ, ಬೆದೆ ಬಿತ್ತನೆಗೆ. ಭರಣಿಯ ಹದಕ್ಕೆ ಅವರು ಉತ್ತು, ಅದೇ ದಿನ ಕುಂಟೆ ಹೊಡೆದು ಮುಚ್ಚಿದರು. ಉತ್ತ ನೆಲ ಬಾಯಿ ತೆರೆದುಕೊಂಡಿದ್ದರೆ ಇಳಿದ ಹಸಿಯೂ ಆರಿಹೋಗುತ್ತದೆ. ಬಿತ್ತಿದ್ದು ಒಂದು ಮೂಲೆಗೆ ಎಳ್ಳು, ಇನ್ನೊಂದಕ್ಕೆ ಅಲಸಂದೆ. ತಡವಾಗಿ ಬಿತ್ತುವ ಹೈನು ರಾಗಿಗೆ ಇನ್ನೂ ಕಾಲ ಇದೆ, ಆ ಬಿತ್ತನೆಗೆ ಬೇರೊಂದು ಬೆದೆ ಬರಬೇಕು.

ಪೀಣ್ಯದಲ್ಲಿ ಕೆಲಸ ಮಾಡುವ, ಗದಗ ಕಡೆಯ ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದೆ. “ಅದು ಮಸಾರಿ ಮಾತು. ಎರಿ ಹೊಲ ಹಂಗಲ್ಲೋ, ಬಿರುಕು ಬಿಟ್ಟ ನೆಲ ಮೊದಲ ಮಳೀ ಎಲ್ಲಾ ಕುಡೀತೈತಿ, ಆಮ್ಯಾಗ ಹಸಿ ಆದ್ರ ಕಾಲು ಕೀಳಾಕ ಆಗಂಗಿಲ್ಲ” ಅಂದ. ಮಸಾರಿ ಅಂದರೆ ಕೆಂಪು ಮಣ್ಣು, ಎರಿ ಅಂದರೆ ಕಪ್ಪು ಎರೆ ಮಣ್ಣು. ಆ ಕಡೆ ಬೇಸಿಗೆಯ ನಡುವೆ ಸುರಿಯುವುದಕ್ಕೆ ಅಡ್ಡಮಳೆ ಅನ್ನುತ್ತಾರಂತೆ. ಹಾಗಾದರೆ ಪದದ ಪಕ್ಕದಲ್ಲಿ ಊರಿನ ಹೆಸರು ಬರೆದರೆ ಸಾಲದು, ಮಣ್ಣಿನ ಹೆಸರೂ ಬೇಕು. ಕೆಂಪು ಮಣ್ಣಿನ 32 ಮಿ.ಮೀ. ಎರೆ ಮಣ್ಣಿನಲ್ಲಿ ಹದಮಳೆ ಆಗಬೇಕೆಂದೇನಿಲ್ಲ.

ಆದ್ದರಿಂದ ಎಲ್ಲ ಹಳೆಯ ಕಾರ್ಡುಗಳಿಗೂ ಈಗ ಮೂರು ಹೊಸ ಖಾನೆ ಹಾಕುತ್ತಿದ್ದೇನೆ: ಮಳೆ ನಕ್ಷತ್ರ, ಮಣ್ಣು, ಹೇಳಿದವರು ಆ ಹೊತ್ತಿಗೆ ಮಾಡಲಿದ್ದ ಕೆಲಸ. ಹಳೆಯ ಧ್ವನಿಮುದ್ರಣಗಳಲ್ಲಿ ಇವು ಸಿಗದ ಕಡೆ ಆ ಹಿರಿಯರನ್ನು ಮತ್ತೆ ಕಂಡು ಕೇಳಬೇಕು. ರೋಹಿಣಿ ಹುಟ್ಟುವುದು ಮೇ 25ರ ಹೊತ್ತಿಗೆ. ತೊಗರಿ ಹಾಕುವವರು ಆಗ ಯಾವ ಮಳೆಗೆ ಹದಮಳೆ ಅನ್ನುತ್ತಾರೆ ಎಂಬುದನ್ನು ಹೊಸಕೋಟೆ ಕಡೆ ಹೋಗಿ ಕೇಳುವುದು ಮುಂದಿನ ಕೆಲಸ.