ಬಲಗಡೆ ತಿರುಗಿ ಮಲಗುವವರ ಕೆಮ್ಮು

ಮಡಿಕೇರಿ, ಶುಕ್ರವಾರ, 12 ಜುಲೈ 2024

ಪಿ.ಜಿ. ಪರೀಕ್ಷೆ ಹತ್ತಿರ ಬಂತು. ಇವತ್ತು ವಾರ್ಡಿನಲ್ಲಿ ನೋಡಿದ ಕೇಸನ್ನು ಎಕ್ಸಾಮಿನರ್ ಮುಂದೆ ಹೇಗೆ ಹೇಳಬೇಕೋ ಆ ಸಾಲಿನಲ್ಲೇ ಬರೆದಿಡುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.

ರೋಗಿ 50 ದಾಟಿದ ಗಂಡಸು. ಸಿದ್ದಾಪುರದ ಕಡೆ ಕಾಫಿ ತೋಟದಲ್ಲಿ ಕೆಲಸ, ಲೈನ್‌ಮನೆಯಲ್ಲಿ ವಾಸ. ಮೂರು ವರ್ಷದಿಂದ ದಿನವೂ ಕೆಮ್ಮು, ಕಫ. ಹತ್ತು ದಿನದಿಂದ ಕಫ ಜಾಸ್ತಿಯಾಗಿ ಹಸಿರಾಗಿದೆ. ಕೆಮ್ಮು 8 ವಾರ ದಾಟಿದರೆ ಅದನ್ನು ದೀರ್ಘಕಾಲದ ಕೆಮ್ಮು ಎಂದು ಕರೆಯುತ್ತೇವೆ. ಆದರೆ ಅಷ್ಟು ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಆ ಕೆಮ್ಮು ಒಣದೋ, ಕಫದ್ದೋ? ಕಫ ಎಷ್ಟು? ಯಾವಾಗ ಬರುತ್ತದೆ? ಕೇಸಿನ ಅರ್ಧ ಅಲ್ಲೇ ಇದೆ.

"ದಿನಕ್ಕೆ ಎಷ್ಟು ಕಫ ಹೋಗುತ್ತೆ ಅಣ್ಣ?" ಎಂದೆ. "ಬೆಳಿಗ್ಗೆ ಎದ್ದ ಕೂಡ್ಲೆ ಅರ್ಧ ಲೋಟ ಆಗುತ್ತೆ ಡಾಕ್ಟ್ರೇ. ಆಮೇಲೆ ಸ್ವಲ್ಪ ಆರಾಮ." ಯಾವ ಮಗ್ಗುಲಲ್ಲಿ ಮಲಗುತ್ತೀರಿ ಎಂದರೆ, ಬಲಗಡೆ ಎಂದರು. ಎಡಗಡೆ ತಿರುಗಿದರೆ ಕೆಮ್ಮು ಬಂದು ನಿದ್ದೆ ಕೆಡುತ್ತದಂತೆ. ಈ ಒಂದು ಮಾತು ನನಗೆ ಬಹಳ ಮುಖ್ಯ. ಎಡಕ್ಕೆ ಮಲಗಿದಾಗ ಬಲ ಶ್ವಾಸಕೋಶ ಮೇಲಾಗುತ್ತದೆ, ಅಲ್ಲಿ ನಿಂತ ಕಫ ದೊಡ್ಡ ನಾಳಕ್ಕೆ ಇಳಿದು ಕೆಮ್ಮು ಬರಿಸುತ್ತದೆ. ಅಂದರೆ ಸ್ಟೆತಸ್ಕೋಪ್ ಇಡುವ ಮೊದಲೇ ಕಾಯಿಲೆ ಬಲಗಡೆ ಇರಬಹುದು ಎಂದು ಸುಳಿವು ಸಿಕ್ಕಿತು.

ಇಲ್ಲದ ಲಕ್ಷಣಗಳನ್ನು ಸುಮ್ನೆ ಪಟ್ಟಿ ಓದಿದ ಹಾಗೆ ಹೇಳಬಾರದು. ಪ್ರತಿಯೊಂದೂ ಒಂದೊಂದು ಕಾಯಿಲೆಯನ್ನು ಹಿಂದಕ್ಕೆ ತಳ್ಳಬೇಕು. ರಾತ್ರಿ ಗೊರಗೊರ ಸದ್ದು, ಉಬ್ಬಸ ಇಲ್ಲ, ಹಾಗಾಗಿ ಅಸ್ತಮಾ ಹಿಂದಕ್ಕೆ. ಬೀಡಿ ಸೇದಿಲ್ಲ, ಹಾಗಾಗಿ ಹೊಗೆಯಿಂದ ಶ್ವಾಸನಾಳ ಕಿರಿದಾಗುವ ಸಿ.ಒ.ಪಿ.ಡಿ. ಸ್ವಲ್ಪ ಹಿಂದಕ್ಕೆ. ಪೂರ್ತಿ ಅಲ್ಲ, ಮನೆಯಲ್ಲಿ ಸೌದೆ ಒಲೆ ಇದೆ. ತೂಕ ಇಳಿದಿಲ್ಲ, ಸಂಜೆ ಜ್ವರ ಇಲ್ಲ, ಹಾಗಾಗಿ ಈಗ ಟಿ.ಬಿ. ಇರುವುದು ಹಿಂದಕ್ಕೆ. ಬಿ.ಪಿ. ಮಾತ್ರೆ ಯಾವುದೂ ಇಲ್ಲ. ಅದನ್ನು ಕೇಳಲೇಬೇಕು, ಎನಾಲಾಪ್ರಿಲ್ ಥರದ ಮಾತ್ರೆ ಒಣ ಕೆಮ್ಮು ತರುತ್ತದೆ.

ಪರೀಕ್ಷಿಸಿದಾಗ ಬೆರಳ ತುದಿ ಉಬ್ಬಿದೆ, ಕ್ಲಬ್ಬಿಂಗ್ ಸ್ಪಷ್ಟ. ಶ್ವಾಸನಾಳ ನಡುವಿನಲ್ಲೇ ಇದೆ. ಬಲ ಹೆಗಲೆಲುಬಿನ ಕೆಳಗೆ ಒರಟು ಕ್ರೆಪಿಟೇಷನ್, ಅಂದರೆ ಚಟಪಟ ಸದ್ದು, ಉಸಿರು ಎಳೆಯಲು ಶುರು ಮಾಡಿದಾಗಲೇ ಕೇಳುತ್ತದೆ. ಜೋರಾಗಿ ಕೆಮ್ಮಿಸಿ ಮತ್ತೆ ಕೇಳಿದೆ. ಕಡಿಮೆಯಾಯಿತು, ಹೋಗಲಿಲ್ಲ. ಶ್ವಾಸಕೋಶ ಗಟ್ಟಿಯಾಗುವ ಐ.ಎಲ್.ಡಿ.ಯಲ್ಲೂ ಕ್ಲಬ್ಬಿಂಗ್ ಬರುತ್ತದೆ. ಆದರೆ ಅಲ್ಲಿ ಸದ್ದು ಸಣ್ಣದು, ಉಸಿರು ಎಳೆದು ಮುಗಿಸುವಾಗ ಬರುತ್ತದೆ, ಕೆಮ್ಮಿದರೂ ಬದಲಾಗುವುದಿಲ್ಲ. ಕೆಮ್ಮಿಸಿ ಕೇಳದೆ ಇದ್ದರೆ ಈ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಇಷ್ಟಾದರೆ ಬ್ರಾಂಕಿಯೆಕ್ಟಸಿಸ್, ಅಂದರೆ ಶ್ವಾಸನಾಳದ ಕವಲುಗಳು ಹಿಗ್ಗಿ ಅಲ್ಲಿ ಕಫ ನಿಲ್ಲುವ ಕಾಯಿಲೆ, ಬಲ ಕೆಳಭಾಗದ್ದು. ಇವರು 12 ವರ್ಷದ ಹಿಂದೆ ಟಿ.ಬಿ.ಗೆ ಆರು ತಿಂಗಳು ಮಾತ್ರೆ ತಗೊಂಡಿದ್ದಾರೆ. ಎಲ್ಲರೂ ತಕ್ಷಣ "ಟಿ.ಬಿ. ನಂತರದ್ದು" ಎಂದು ಬಿಡುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ದೊಡ್ಡವರ ಟಿ.ಬಿ. ಹೆಚ್ಚಾಗಿ ಮೇಲ್ಭಾಗ ಹಿಡಿಯುತ್ತದೆ. ಅಲ್ಲಿಂದ ಕಫ ತಾನಾಗಿ ಕೆಳಗಿಳಿದು ಹೋಗುತ್ತದೆ, ಅದಕ್ಕೇ ಅಂಥವರಿಗೆ ಕಫ ಕಡಿಮೆ, ರಕ್ತ ಬೀಳುವುದೇ ಮುಖ್ಯ ತೊಂದರೆ. ಇವರದ್ದು ಕೆಳಭಾಗ, ಕಫ ನಿಲ್ಲುತ್ತದೆ. ಮೇಲ್ಭಾಗದಲ್ಲಿ ಏನೂ ಕೇಳಿಸುತ್ತಿಲ್ಲ. ಜೊತೆಗೆ ಬಂದಿದ್ದ ಅವರ ಅಕ್ಕನನ್ನು ಕೇಳಿದೆ. "ಸಣ್ಣೋನಿದ್ದಾಗ ದಡಾರ ಆಗಿ, ಆಮೇಲೆ ನ್ಯುಮೋನಿಯಾ ಆಗಿತ್ತು. ಆವಾಗ್ಲಿಂದ ಮಳೆಗಾಲ ಬಂದ್ರೆ ಕಫ ತಪ್ಪಿದ್ದಲ್ಲ" ಎಂದರು. ನನ್ನ ಪಟ್ಟಿಯಲ್ಲಿ ಈಗ ದಡಾರದ ನಂತರದ ನ್ಯುಮೋನಿಯಾ ಮೊದಲು, ಟಿ.ಬಿ. ಎರಡನೆಯದು.

ಹಾಗಾಗಿ ಕೊನೆಯ ವಾಕ್ಯ ಹೀಗೆ: ಬಲ ಕೆಳಭಾಗದ ಬ್ರಾಂಕಿಯೆಕ್ಟಸಿಸ್, ಸೋಂಕಿನ ನಂತರದ್ದು, ಈಗ ಉಲ್ಬಣಗೊಂಡಿದೆ, ಉಸಿರಾಟದ ವೈಫಲ್ಯ ಇಲ್ಲ, ಬಲ ಹೃದಯಕ್ಕೆ ತೊಂದರೆಯಾದ ಲಕ್ಷಣ ಇಲ್ಲ. ಜಾಗ, ಕಾರಣ, ಈಗಿನ ಸ್ಥಿತಿ, ತೊಡಕು, ನಾಲ್ಕೂ ಬಂತು.

ಯಾವ ಪರೀಕ್ಷೆ ಮೊದಲು ಎಂದರೆ ಕಫವೇ ಮೊದಲು. ಟಿ.ಬಿ. ಕ್ರಿಮಿಯ ಡಿ.ಎನ್.ಎ. ಹುಡುಕಲು ಸಿ.ಬಿ.ನ್ಯಾಟ್, ಬೇರೆ ಕ್ರಿಮಿಯನ್ನು ಬೆಳೆಸಿ ನೋಡಲು ಕಲ್ಚರ್. ಆಂಟಿಬಯೋಟಿಕ್ ಶುರುವಾಗುವ ಮೊದಲೇ ಕಳಿಸಬೇಕು. ಆಮೇಲೆ ಎಕ್ಸ್‌ರೇ. ಅದು ಸರಿಯಾಗಿದ್ದರೂ ಕಾಯಿಲೆ ಇಲ್ಲ ಎನ್ನುವ ಹಾಗಿಲ್ಲ, ಖಾತ್ರಿ ಮಾಡುವುದು ಶ್ವಾಸಕೋಶದ ಸೂಕ್ಷ್ಮ ಸ್ಕ್ಯಾನ್ ಆದ ಎಚ್.ಆರ್.ಸಿ.ಟಿ. ಅದರಲ್ಲಿ ಶ್ವಾಸನಾಳದ ಕವಲು ಪಕ್ಕದ ರಕ್ತನಾಳಕ್ಕಿಂತ ದಪ್ಪಗಿದ್ದು ಉಂಗುರದ ಥರ ಕಾಣುತ್ತದೆ.

ಚಿಕಿತ್ಸೆ ಕೇಳಿದರೆ ಆಂಟಿಬಯೋಟಿಕ್ ಹೆಸರಿನಿಂದ ಶುರು ಮಾಡುವುದಿಲ್ಲ. ಕಫ ಹೊರಗೆ ತರುವುದು ಮೊದಲು. ಇವರಿಗೆ ಎಡ ಮಗ್ಗುಲು, ಮಂಚದ ಕಾಲಿನ ಕಡೆ ಎತ್ತರಿಸಿ, ಬೆಳಿಗ್ಗೆ ಸಂಜೆ. ಅವರು ಬೇಡ ಎಂದು ಬಿಟ್ಟಿದ್ದ ಮಗ್ಗುಲೇ ಅದು, ಅದಕ್ಕೆ ಯಾಕೆ ಎಂದು ಬಿಡಿಸಿ ಹೇಳಬೇಕಾಯಿತು. ಆಂಟಿಬಯೋಟಿಕ್ ಸಾಮಾನ್ಯವಾಗಿ 14 ದಿನ. ವರ್ಷಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಉಲ್ಬಣಗೊಂಡರೆ ಅಜಿತ್ರೊಮೈಸಿನ್ ಬಹುಕಾಲ ಕೊಡುವ ಮಾತು ಬರುತ್ತದೆ. ಅದಕ್ಕೆ ಮೊದಲು ಕಫದಲ್ಲಿ ಟಿ.ಬಿ.ಯ ಸೋದರ ಕ್ರಿಮಿಗಳು ಇಲ್ಲ ಎಂದು ನೋಡಿಕೊಳ್ಳಬೇಕು, ಇದ್ದರೆ ಈ ಒಂದೇ ಔಷಧಿ ಕೊಟ್ಟಾಗ ಅದು ಅವಕ್ಕೆ ತಾಗದ ಹಾಗಾಗಿಬಿಡುತ್ತದೆ. ಇ.ಸಿ.ಜಿ.ಯೂ ಒಂದು ಆಗಬೇಕು. ಇವರ ಕಫದ ರಿಪೋರ್ಟ್ ಇನ್ನೂ ಬಂದಿಲ್ಲ.