ತೂತು ಬಿದ್ದ ಹೊಲ, ಹಸಿರಾಗಿದ್ದ ಹೊಲ

ನಮ್ಮ ಕಾಕಾ ಇಂಡಿ ಕಡೆಯವರು. ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನ ಕೇಡಗಾಂವ್ ಹತ್ತಿರ ಹೊಲ ಲಾವಣಿ ಹಿಡಿದು ಬಹಳ ವರ್ಷಗಳಾದವು. ಸುತ್ತಲೂ ಹಾಲಿನ ದನಗಳು ಜಾಸ್ತಿ ಇರುವುದರಿಂದ ರಸಮೇವಿಗೆಂದೇ ಮೆಕ್ಕೆಜೋಳ ಹಾಕುತ್ತಾರೆ. ಅಲ್ಲಿ ಅದಕ್ಕೆ ಮುರ್ಘಾಸ್ ಅನ್ನುತ್ತಾರೆ. ತೆನೆಯಲ್ಲಿ ಹಾಲು ಗಟ್ಟಿಯಾಗುವ ಹೊತ್ತಿಗೆ ಇಡೀ ಗಿಡವನ್ನೇ ಕತ್ತರಿಸಿ ಒಯ್ಯುತ್ತಾರೆ. ಹಾಗಾಗಿ ಎಲೆಗೆ ಹೊಡೆದದ್ದು ನೇರವಾಗಿ ದನದ ಹೊಟ್ಟೆಗೆ ಹೋಗುತ್ತದೆ.

ಆಗಸ್ಟ್‌ನ ಒಂದು ಶನಿವಾರ ರಾತ್ರಿ ಅವರ ಫೋನ್ ಬಂತು. ‘ತಮ್ಮಾ, ಲಷ್ಕರಿ ಅಳಿ ಬಿದ್ದಾವು. ಹಳೇ ತುಕಡಿ ಪೂರಾ ಜರಡಿ ಆಗೈತಿ. ನಾಳೆ ಮುಂಜಾನೆ ಎಣ್ಣಿ ಹೊಡಿಯಾಕ ಆಳು ಹೇಳೇನಿ.’ ಲಷ್ಕರಿ ಅಳಿ ಅಂದರೆ ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು. ಅಂಗಡಿಯವರು ಎರಡು ಔಷಧ ಕೂಡಿಸಿ ಹೊಡೆಯಲು ಹೇಳಿ ಬಾಟಲಿಗಳನ್ನೂ ಕೊಟ್ಟಿದ್ದರಂತೆ. ನಾನು ಧಾರವಾಡದಲ್ಲಿ ಕೃಷಿ ಓದಿ ಈಗ ಪುಣೆಯಲ್ಲಿ ಹೈನುಗಾರರ ಮೇವಿನ ಬೆಳೆ ನೋಡುವ ಕೆಲಸದಲ್ಲಿದ್ದೇನೆ. ಆಳು ಸಂಜೆಗೆ ಬರಲಿ, ಅದಕ್ಕೂ ಮೊದಲು ಇಬ್ಬರೂ ಕೂಡಿ ಎಣಿಸೋಣ ಎಂದು ಹೇಳಿ ಬೆಳಗಿನ ರೈಲು ಹಿಡಿದೆ.

ಕಾಕಾನ ಹೊಲದಲ್ಲಿ ಎರಡು ತುಕಡಿಗಳಿದ್ದವು. ರಸ್ತೆ ಬದಿಯದು 38 ದಿನದ ಬೆಳೆ. ಕಾಲುವೆ ಕಡೆಯದು ಒಂದು ಎಕರೆ, ಮೊಳೆತು 16 ದಿನವಾಗಿತ್ತು. ರಸ್ತೆ ಬದಿಯ ಹೊಲ ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕು, ಎಲೆ ತುಂಬ ಸಾಲು ಸಾಲು ತೂತು, ಅಂಚೆಲ್ಲ ಹರಿದು ಚಿಂದಿ. ಕಾಲುವೆ ಕಡೆಯದು ಬದುವಿನ ಮೇಲೆ ನಿಂತು ನೋಡಿದರೆ ಒಂದು ಕಲೆಯೂ ಕಾಣದಷ್ಟು ಹಸಿರು. ಕಾಕಾ ಪಂಪು ತುಂಬಲು ಹೊರಟಿದ್ದು ಮೊದಲನೆಯದಕ್ಕೆ.

ಈ ಹುಳು 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲಿ. ಅದೇ ವರ್ಷ ಮಹಾರಾಷ್ಟ್ರಕ್ಕೂ ಹಬ್ಬಿತು. ಅಂದಿನಿಂದ ನೋಡುತ್ತ ಬಂದವನಾಗಿ ನನಗೆ ಖಚಿತವಾದ ಮಾತೊಂದಿದೆ. ಎಲೆಯ ಮೇಲೆ ಇವತ್ತು ಕಾಣುವ ತೂತು ಇವತ್ತಿನದಲ್ಲ. ಎಲೆ ಸುಳಿಯೊಳಗೆ ಸುತ್ತಿಕೊಂಡು ಮಲಗಿದ್ದಾಗ ಹುಳು ಅದನ್ನು ಕೊರೆದಿರುತ್ತದೆ. ಮಡಿಕೆಗಳ ಮೂಲಕ ಒಮ್ಮೆ ಕೊರೆದದ್ದು ಎಲೆ ಬಿಚ್ಚಿದಾಗ ಅಡ್ಡ ಸಾಲಿನ ತೂತುಗಳಾಗಿ ಹೊರಬೀಳುತ್ತದೆ. ಅಷ್ಟರಲ್ಲಿ ಹುಳು ಮಣ್ಣಿಗಿಳಿದು ಕೋಶವಾಗಿರಬಹುದು, ಸತ್ತೂ ಹೋಗಿರಬಹುದು. ಆದ್ದರಿಂದ ನಾನು ಕೆಳಗಿನ ಎಲೆಗಳನ್ನು ಎಣಿಕೆಗೆ ಹಿಡಿಯುವುದೇ ಇಲ್ಲ. ಸುಳಿಯಿಂದ ಈಗಷ್ಟೇ ಬಿಚ್ಚಿದ ಎರಡು ಮೂರು ಎಲೆ, ಸುಳಿಯೊಳಗಿನ ಹಸಿ ಹಿಕ್ಕೆ, ಇವಿಷ್ಟೇ ಲೆಕ್ಕ.

ರಸ್ತೆ ಬದಿಯ ತುಕಡಿಯಿಂದಲೇ ಶುರುಮಾಡಿದೆವು. ಅಂಚಿನ ನಾಲ್ಕೈದು ಸಾಲು ಬಿಟ್ಟು ಒಳಗೆ ಹೋಗಿ, ಹೊಲದ ಉದ್ದಕ್ಕೂ ಅಂಕುಡೊಂಕಾಗಿ ನಡೆಯುತ್ತ ಐದು ಕಡೆ ನಿಂತೆವು. ಒಂದೊಂದು ಕಡೆ ಒಂದೇ ಸಾಲಿನ 20 ಗಿಡ, ಒಟ್ಟು 100. ಸಾಲಿನಲ್ಲಿ ಬಂದ ಗಿಡವನ್ನು ಬಂದಂತೆ ನೋಡಬೇಕು, ಕೆಟ್ಟದ್ದು ಕಂಡಿತೆಂದು ಪಕ್ಕದ ಸಾಲಿಗೆ ಹಾರಬಾರದು. ಕಾಕಾ ತೂತಿರುವ ಪ್ರತಿ ಗಿಡವನ್ನೂ ಎಣಿಸುತ್ತ ಬಂದರು, ನಾನು ಹೊಸ ಹಾನಿಯನ್ನಷ್ಟೇ. ಕೊನೆಗೆ ಅವರ ಲೆಕ್ಕ 62, ನನ್ನದು 8.

ನನ್ನ ಎಂಟು ಗಿಡಗಳಲ್ಲಿ ಸುಳಿಯ ಎಲೆ ಹೊಸದಾಗಿ ಹರಿದಿತ್ತು, ಒಳಗೆ ಒದ್ದೆಯಾದ ಹಿಕ್ಕೆ ಗುಪ್ಪೆಯಾಗಿತ್ತು. ಒಂದನ್ನು ಬಿಡಿಸಿದಾಗ ದೊಡ್ಡ ಹುಳು ಸಿಕ್ಕಿತು. ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಬಿಳಿ ಗೆರೆ, ಹಿಂಬದಿಯಲ್ಲಿ ಕೊನೆಗಿಂತ ಸ್ವಲ್ಪ ಮುಂದೆ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ. ಇವೆರಡನ್ನೂ ನೋಡಿಕೊಳ್ಳುವುದು ಬೇಕು, ಯಾಕೆಂದರೆ ಕಾಂಡ ಕೊರಕವೂ ಸುಳಿ ಎಲೆಯಲ್ಲಿ ಸಾಲು ತೂತು ಮಾಡುತ್ತದೆ. ಉಳಿದ 54 ಗಿಡಗಳಲ್ಲಿ ಕೆಲವನ್ನು ಬಿಡಿಸಿ ನೋಡಿದೆವು. ಹಿಕ್ಕೆ ಒಣಗಿ ಪುಡಿಯಾಗಿತ್ತು, ಒಳಗೆ ಏನೂ ಇರಲಿಲ್ಲ. ಎಲೆಗೆ ಅಂಟಿಕೊಂಡೇ ಸೆಟೆದು ಸತ್ತ ಹುಳುಗಳೂ ಇದ್ದವು, ಮೈಮೇಲೆ ಬಿಳಿ ಪದರ, ಕೆಲವಕ್ಕೆ ತಿಳಿ ಹಸಿರು. ಒಂದು ವಾರದಿಂದ ಬಿಡದೆ ಜಿನುಗು ಮಳೆಯಿತ್ತು. ಅಂಥ ತೇವದಲ್ಲಿ ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರ ತಾನಾಗಿಯೇ ಹುಳುಗಳಿಗೆ ರೋಗ ಹಚ್ಚುತ್ತದೆ. ಕಾಕಾ ಸತ್ತ ಹುಳುವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

‘ಹಂಗಂದ್ರ ಈ ಹೊಲಕ್ಕ ಹೊಡಿಯೂದು ಬ್ಯಾಡ?’

‘ಈಗ ಬ್ಯಾಡ ಕಾಕಾ.’

ಈ ವಯಸ್ಸಿನ ಬೆಳೆಗೆ ನೂರರಲ್ಲಿ ಹತ್ತು ಗಿಡದ ಮೇಲೆ ಹೊಸ ಹಾನಿ ದಾಟಿದರೆ ಔಷಧದ ಮಾತು ಎನ್ನುವುದು ನಮ್ಮ ದೇಶದ ಮೆಕ್ಕೆಜೋಳ ತಜ್ಞರ ಸಲಹೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇನ್ನೂ ಸಡಿಲವಾಗಿ, ಸುಳಿ ಬಲಿತ ಹಂತದಲ್ಲಿ ನಲವತ್ತರ ಹತ್ತಿರ ಇಡುತ್ತದೆ. ನಾನು ಬಿಗಿಯಾದದ್ದನ್ನೇ ಹಿಡಿಯುತ್ತೇನೆ, ಅದರಲ್ಲೂ ಎಂಟು ಕೆಳಗೇ ಉಳಿಯಿತು. ಜೊತೆಗೆ ದೊಡ್ಡ ಹುಳುವಿಗೆ ಮೇಲಿಂದ ಹೊಡೆದ ಔಷಧ ಸರಿಯಾಗಿ ಮುಟ್ಟುವುದೂ ಇಲ್ಲ. ಅದರದೇ ಹಿಕ್ಕೆ ಸುಳಿಯ ಬಾಯಿಗೆ ಬಿರಡೆಯಾಗಿ ನಿಂತಿರುತ್ತದೆ. ಹೊಡೆದರೆ ಔಷಧದ ಖರ್ಚು ಹೋಗುತ್ತದೆ, ಕೊಯ್ಲಿಗೆ ಮೊದಲು ಕಾಯಬೇಕಾದ ದಿನಗಳ ಲೆಕ್ಕ ಕೊರಳಿಗೆ ಬೀಳುತ್ತದೆ, ಹುಳು ಮಾತ್ರ ಉಳಿಯುತ್ತದೆ. ಈ ಹಂತದ ಗಿಡ ಹರಿದ ಎಲೆಯ ಮೇಲೆ ಹೊಸ ಎಲೆ ಹೊರಡಿಸಿ ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ.

ಕಾಲುವೆ ಕಡೆಯ ಎಳೆ ಬೆಳೆಗೆ ಕಾಕುವೂ ಬಂದರು. ಇಲ್ಲಿ ನೋಡಬೇಕಾದದ್ದು ತೂತಲ್ಲ, ತತ್ತಿ ಮತ್ತು ಕಿಟಕಿ. ಹೆಣ್ಣು ಪತಂಗ ನೂರು ಇನ್ನೂರು ತತ್ತಿಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟು ತನ್ನ ಹೊಟ್ಟೆಯ ಕೂದಲುಹೊಟ್ಟನ್ನು ಮೇಲೆ ಹೊದಿಸುತ್ತದೆ. ನೋಡಲು ಹಳಸಿದ ರೊಟ್ಟಿಯ ಮೇಲೆ ಹಿಡಿದ ಬೂಸ್ಟಿನ ಮಚ್ಚೆಯಂತೆ ಇರುತ್ತದೆ, ಹೆಚ್ಚೆಂದರೆ ಬೆರಳುಗುರಿನ ಅಗಲ. ಎಲೆಯ ಅಡಿಯಲ್ಲೂ ಇರಬಹುದು, ಮೇಲೂ ಇರಬಹುದು. ಎರಡು ಮೂರು ದಿನದಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳು ಎಲೆಯ ಹಸಿರನ್ನಷ್ಟೇ ಕೆರೆದು ತಿಂದು ತೆಳ್ಳಗಿನ ಪೊರೆ ಉಳಿಸುತ್ತವೆ. ಅದೇ ಕಿಟಕಿ. ಎಲೆಯನ್ನು ಬಿಸಿಲಿಗೆ ಹಿಡಿದರೆ ಬೆಳಕು ತೂರುತ್ತದೆ. ನಿಂತು ನೋಡಿದವರಿಗೆ ಇದು ಕಾಣುವುದಿಲ್ಲ, ಕುಕ್ಕರಗಾಲಲ್ಲಿ ಕೂರಬೇಕು.

ಮೊದಲ ತತ್ತಿ ಗುಂಪು ಕಾಕುಗೆ ಸಿಕ್ಕಿತು. ಕಳೆ ತೆಗೆದು ಪಳಗಿದ ಕಣ್ಣು ಅವರದು. ‘ಇದನ್ನ ನಾ ಮಣ್ಣು ಹತ್ತೇತಿ ಅಂತ ತಿಳಿದಿದ್ನೆಲ್ಲಪಾ’ ಎನ್ನುತ್ತ ಬೆರಳಲ್ಲಿ ಒರೆಸಿ ಹೊಸಕಿದರು.

ಐದು ಕಡೆಯ ಎಣಿಕೆ ಹೀಗೆ ಬಂತು: 1, 0, 2, 1, 7. ಕೂಡಿಸಿದರೆ 11. ಎಳೆ ಬೆಳೆಯಲ್ಲಿ ನೂರಕ್ಕೆ ಐದು ಗಿಡದಲ್ಲಿ ಹೊಸ ಹಾನಿ ಕಂಡರೆ ಬೇವಿನ ಔಷಧದಿಂದ ಶುರುಮಾಡಬೇಕು, ಹತ್ತು ದಾಟಿದರೆ ರಾಸಾಯನಿಕ. ಹನ್ನೊಂದು ನೋಡಿ ಇಡೀ ಎಕರೆಗೆ ಹೊಡೆಯಲು ಕಾಕಾ ಎದ್ದೇಬಿಟ್ಟರು. ಆದರೆ ಆ ಹನ್ನೊಂದರಲ್ಲಿ ಏಳು ಒಂದೇ ಮೂಲೆಯವು. ಒಂದು ಗುಂಪು ತತ್ತಿ ಒಡೆದರೆ ಮರಿಗಳು ನೂಲು ಬಿಟ್ಟು ಗಾಳಿಗೆ ತೇಲಿ ಸುತ್ತಲಿನ ಗಿಡ ಹಿಡಿಯುತ್ತವೆ, ಹಾಗಾಗಿ ಮೊದಮೊದಲು ಹಾವಳಿ ಗುಂಪುಗುಂಪಾಗಿಯೇ ಇರುತ್ತದೆ. ಒಟ್ಟು ಅಂಕಿಯೊಂದನ್ನೇ ನಂಬಿದರೆ ಈ ಮೂಲೆ ಮರೆಯಾಗುತ್ತದೆ. ನನ್ನ ಮಟ್ಟಿಗೆ ಐದು ಜಾಗದ ಐದು ಅಂಕಿಗಳನ್ನು ಬೇರೆಬೇರೆ ಬರೆದುಕೊಳ್ಳುವುದೇ ಎಣಿಕೆಯ ಮುಖ್ಯ ಕೆಲಸ. ಮೂಲೆಯ ಸುತ್ತ ಇನ್ನಷ್ಟು ಗಿಡ ನೋಡಿ ಹಾವಳಿ ಸುಮಾರು ಹತ್ತು ಗುಂಟೆಯಲ್ಲಿದೆ ಎಂದು ಗುರುತು ಹಾಕಿ ನಾಲ್ಕು ಕೋಲು ನೆಟ್ಟೆವು.

ಆಮೇಲೆ ಮೂವರೂ ಸಾಲು ಹಂಚಿಕೊಂಡು ಇಡೀ ಎಕರೆ ನಡೆದು ಸಿಕ್ಕ ತತ್ತಿಗಳನ್ನೆಲ್ಲ ಹೊಸಕಿದೆವು. ಒಂದು ಗುಂಪು ಹೊಸಕಿದರೆ ನೂರಕ್ಕೂ ಹೆಚ್ಚು ಹುಳು ಹುಟ್ಟುವ ಮೊದಲೇ ಹೋದಂತೆ, ಇದಕ್ಕಿಂತ ಅಗ್ಗದ ಹತೋಟಿ ಇಲ್ಲ. ಸಂಜೆ ಆಳು ಬಂದಾಗ ಅಂಗಡಿಯ ಜೋಡಿ ಬಾಟಲಿ ಪಕ್ಕಕ್ಕಿಟ್ಟು, ಮೂಲೆಯ ಹತ್ತು ಗುಂಟೆಗೆ ಇಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಮಾತ್ರ ಹೊಡೆಸಿದೆವು. ಲೀಟರಿಗೆ 0.4 ಗ್ರಾಂ, ಅಂದರೆ 16 ಲೀಟರಿನ ಪಂಪಿಗೆ 6.4 ಗ್ರಾಂ. ಎರಡು ಪಂಪು ಸಾಕಾಯಿತು. ಮುಚ್ಚಳದ ಅಳತೆ ನಂಬದೆ ಕಿರಾಣಿ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿದೆ. ಉಳಿದ ಮೂವತ್ತು ಗುಂಟೆಗೆ ಬೇವಿನ ಔಷಧವಾದ 1500 ಪಿಪಿಎಂ ಅಜಾಡಿರಾಕ್ಟಿನ್, ಲೀಟರಿಗೆ 5 ಮಿಲಿ, ಪಂಪಿಗೆ 80 ಮಿಲಿ. ನಾಜಲ್ ಗಾಳಿಯಲ್ಲಿ ಬೀಸದೆ ಗಿಡಗಿಡದ ಸುಳಿಯೊಳಕ್ಕೇ ಹಿಡಿಯಬೇಕೆಂದು ಆಳಿನ ಜೊತೆ ಎರಡು ಸಾಲು ನಾನೇ ನಡೆದೆ. ಈ ಹುಳು ಹಗಲು ಸುಳಿಯಲ್ಲಿ ಅಡಗಿ ಮುಸ್ಸಂಜೆಯ ಮೇಲೆ ಓಡಾಡುತ್ತದೆ, ಸಂಜೆ ಹೊಡೆದರೆ ಔಷಧಕ್ಕೆ ಸಿಗುತ್ತದೆ. ಬೇವು ಬಿಸಿಲಿಗೆ ಬೇಗ ಕೆಡುತ್ತದೆ ಎನ್ನುವುದೂ ಒಂದು ಕಾರಣ.

ಇದೇ ಔಷಧವನ್ನು ಒಂದು ವಾರ ತಡವಾಗಿ ಹೊಡೆದಿದ್ದರೆ ಮರಿಗಳು ದೊಡ್ಡವಾಗಿ ಸುಳಿಯ ಆಳಕ್ಕೆ ಇಳಿದಿರುತ್ತಿದ್ದವು. ಈ ಹುಳು ತನ್ನ ಆರು ಹಂತಗಳಲ್ಲಿ ತಿನ್ನುವುದರ ಬಹುಪಾಲನ್ನು ಕೊನೆಯ ಎರಡರಲ್ಲೇ ತಿನ್ನುತ್ತದೆ. ಕಿಟಕಿ ಮಾಡುವ ಮರಿ ತಿನ್ನುವುದು ಏನೇನೂ ಅಲ್ಲ, ಆದರೆ ಹತೋಟಿಗೆ ಸಿಗುವುದು ಆಗಲೇ.

ನಾಲ್ಕು ದಿನದ ನಂತರ ಕಾಕು ತಾವೇ ಕೋಲು ನೆಟ್ಟ ಮೂಲೆಯಲ್ಲಿ 20 ಗಿಡ ಎಣಿಸಿ ಫೋನ್ ಮಾಡಿದರು. ಸುಳಿಯ ಹೊಸ ಎಲೆ ಕೆಟ್ಟದ್ದು ಎರಡೇ ಗಿಡದಲ್ಲಿ. ‘ಆದ್ರ ಹುಳಾ ಇನ್ನಾ ಅದಾವಲ್ಲಪಾ’ ಎಂದು ಅವರ ಚಿಂತೆ. ಇಮಾಮೆಕ್ಟಿನ್ ತಗುಲಿದ ಹುಳು ತಿನ್ನುವುದನ್ನು ಬೇಗ ನಿಲ್ಲಿಸುತ್ತದೆ, ಸಾಯಲು ದಿನ ತೆಗೆದುಕೊಳ್ಳುತ್ತದೆ. ಹುಳು ನೋಡಬೇಡಿ, ಹಸಿ ಹಿಕ್ಕೆ ಇದೆಯೇ ನೋಡಿ ಎಂದೆ. ಇರಲಿಲ್ಲ. ಬೇವು ಹೊಡೆದ ಕಡೆ ಇನ್ನೊಂದು ತತ್ತಿ ಗುಂಪು ಸಿಕ್ಕಿತ್ತು, ಅದನ್ನೂ ಹೊಸಕಿದ್ದರು. ಎರಡನೇ ಸಿಂಪಡಣೆ ಬೇಡವೆಂದು ಫೋನಿನಲ್ಲೇ ತೀರ್ಮಾನವಾಯಿತು.

ರಸ್ತೆ ಬದಿಯ ತುಕಡಿಯನ್ನು ಸೂಲಂಗಿ ಇಣುಕುವ ಹೊತ್ತಿಗೆ ಮತ್ತೆ ನೋಡಲು ಹೇಳಿದ್ದೆ. ಸೂಲಂಗಿ ಮೇಲೆ ಬಂದಾಗ ಸುಳಿಯಲ್ಲಿ ಉಳಿದ ಹುಳುವಿಗೆ ಅಡಗುತಾಣ ತಪ್ಪಿ ಅದು ತೆನೆಯ ಕಡೆ ಇಳಿಯುತ್ತದೆ, ತೆನೆ ಹೊಕ್ಕರೆ ಮತ್ತೆ ಔಷಧಕ್ಕೆ ಸಿಗುವುದಿಲ್ಲ. ಆ ಎಣಿಕೆಗೆ ನನ್ನನ್ನು ಕರೆಯಲಿಲ್ಲ. ಕಾಕಾ ಮತ್ತು ಕಾಕು ಇಬ್ಬರೇ ಹೋಗಿ ಐದು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಫೋಟೋ ಕಳಿಸಿದರು: 0, 1, 0, 2, 0. ಕೆಳಗೆ ಮೂರು ಗಿಡಗಳಿಂದ ಹುಳು ಕೈಯಿಂದ ಆರಿಸಿ ತೆಗೆದೆವು ಎಂದಿತ್ತು.